ಕೆಲ್ಲಿ ಸೂತ್ರ 16.7% ಅಂದರೆ ಅಷ್ಟೂ ಹಾಕಬೇಕಾ?

"60 ಟ್ರೇಡ್‌ನಲ್ಲಿ 30 ಗೆದ್ದಿದ್ದೇನೆ. ಗೆದ್ದರೆ 1.5 ರೂಪಾಯಿ, ಸೋತರೆ 1 ರೂಪಾಯಿ. ಕೆಲ್ಲಿ 16.7% ಅನ್ನುತ್ತೆ, ಎಲ್ಲರೂ ಅರ್ಧ ಸಾಕು ಅಂತಾರೆ. ಯಾಕೆ?"

ಒಂದು ಟ್ರೇಡ್‌ನಲ್ಲಿ ಬಂಡವಾಳದ ಎಷ್ಟು ಭಾಗ ಪಣಕ್ಕಿಡಬೇಕು ಅಂತ ಹೇಳೋದೇ ಕೆಲ್ಲಿ ಸೂತ್ರ, ನಿಮ್ಮ ಲೆಕ್ಕ ಸರಿಯಾಗಿದೆ ಸರ್. f ಅಂದರೆ ಆ ಭಾಗ, p ಗೆಲುವಿನ ಪ್ರಮಾಣ, q ಸೋಲಿನ ಪ್ರಮಾಣ, b ಅಂದರೆ ಸೋತರೆ ಹೋಗುವ ಪ್ರತಿ ರೂಪಾಯಿಗೆ ಗೆದ್ದರೆ ಬರುವ ಹಣ:

```
f = p - q/b = 0.5 - 0.5/1.5 = 0.167
```

ತೊಂದರೆ ಇರೋದು ಆ p ಒಳಗೆ. 60 ಟ್ರೇಡ್ ಬಹಳ ಕಡಿಮೆ. ನಿಜವಾದ ಗೆಲುವಿನ ಪ್ರಮಾಣ 45% ಇದ್ದರೂ 60ರಲ್ಲಿ 30 ಗೆಲ್ಲೋದು ಸುಲಭವಾಗಿ ಆಗಬಹುದು. 45% ಹಾಕಿ ನೋಡಿ, ಉತ್ತರ 8.3%ಕ್ಕೆ ಇಳಿಯುತ್ತೆ. ಆಗ ನೀವು 16.7% ಹಾಕುತ್ತಿದ್ದರೆ ದೀರ್ಘಕಾಲದಲ್ಲಿ ಬೆಳವಣಿಗೆ ಹೆಚ್ಚು ಕಡಿಮೆ ಸೊನ್ನೆ. ಲಾಭದ ಪದ್ಧತಿ ಕೈಯಲ್ಲಿದ್ದೂ ಸುಮ್ನೆ ಓಡಾಡಿದ ಹಾಗೆ!

ನಿಮ್ಮ 50% ನಿಜವೇ ಆಗಿದ್ದರೂ, ಅರ್ಧ ಹಾಕಿದರೆ ಪೂರ್ತಿ ಕೆಲ್ಲಿಯ ಬೆಳವಣಿಗೆಯಲ್ಲಿ ಮುಕ್ಕಾಲು ಭಾಗ ಸಿಗುತ್ತೆ, ಏರಿಳಿತ ಮಾತ್ರ ಅರ್ಧ. ಸತತ ಐದು ಸೋಲು ಬಂದರೆ ಪೂರ್ತಿ ಕೆಲ್ಲಿಯಲ್ಲಿ 1 ಲಕ್ಷ ಸುಮಾರು 40,000ಕ್ಕೆ ಬರುತ್ತೆ, ಅರ್ಧದಲ್ಲಿ ಸುಮಾರು 65,000 ಉಳಿಯುತ್ತೆ. 40,000 ನೋಡಿದ ಮೇಲೂ ಆರನೇ ಟ್ರೇಡ್ ಅದೇ ಪ್ರಮಾಣದಲ್ಲಿ ಹಾಕೋಕೆ ಕೈ ಬರುತ್ತಾ? ನನಗಂತೂ ಬರಲ್ಲ.

ಇನ್ನೊಂದು, ಈ ಶೇಕಡಾ ಷೇರು ಕೊಳ್ಳುವ ಮೊತ್ತ ಅಲ್ಲ. ಸ್ಟಾಪ್‌ಲಾಸ್ ಹೊಡೆದರೆ ಹೋಗುವ ಹಣ. ಒಂದೇ ದಿಕ್ಕಿನ ಎರಡು ಬ್ಯಾಂಕ್ ಷೇರು ಒಟ್ಟಿಗೆ ಹಿಡಿದಿದ್ದರೆ ಎರಡನ್ನೂ ಸೇರಿಸಿ ಒಂದೇ ಟ್ರೇಡ್ ಅಂತ ಲೆಕ್ಕ ಹಾಕಿ. ನಾನಾದರೆ ಸದ್ಯಕ್ಕೆ ಕಾಲು ಭಾಗ, ಅಂದರೆ 4% ಹಾಕುತ್ತಿದ್ದೆ.