ಡಬ್ಬಿ ಲೆಕ್ಕ ಆರ್ಡರಿನ ಮೇಲಲ್ಲ, ಪ್ಲೇಟಿನ ಮೇಲೆ

ಪ್ರಶ್ನೆ: "ಊಟ ಪಾರ್ಸೆಲ್ ಕಳಿಸುವ ಅಡುಗೆಮನೆ ನಮ್ಮದು. ದಿನಕ್ಕೆ 20 ಆರ್ಡರ್ ಅಂತ 250 ಎಂಎಲ್ ಮತ್ತು 500 ಎಂಎಲ್ ಡಬ್ಬಿ ತಿಂಗಳಿಗೆ ತಲಾ 600 ತರಿಸಿದೆ. 250ರದ್ದು 17 ದಿನಕ್ಕೇ ಖಾಲಿ. 500ರದ್ದು ಅರ್ಧಕ್ಕಿಂತ ಜಾಸ್ತಿ ಹಾಗೇ ಉಂಟು. ಬ್ಯಾಗ್ ಮಾತ್ರ ಸರಿಯಾಗಿ ಬಂತು. ಲೇಬಲ್ ರೋಲ್ ಬೇಗ ಮುಗಿಯಿತು. ಮೆನು: ಕೋರಿ ರೊಟ್ಟಿ, ನೀರುದೋಸೆ ಸುಕ್ಕ, ಕುಚ್ಚಲಕ್ಕಿ ಊಟ. ಒಂದು ಆರ್ಡರಿಗೆ ಎಷ್ಟು ಅಂತ ಹಿಡಿಯುವುದು?"

ಉತ್ತರ: ಅಕ್ಕ, ಬ್ಯಾಗ್ ಸರಿಯಾಗಿ ಬಂದದ್ದೇ ನಿಮಗೆ ಉತ್ತರ ಕೊಡುತ್ತದೆ. ಬ್ಯಾಗ್ ಆರ್ಡರಿಗೆ ಒಂದು ಹೋಗುತ್ತದೆ. ಡಬ್ಬಿ ಹಾಗಲ್ಲ, ಅದು ಪ್ಲೇಟಿನ ಮೇಲೆ ಹೋಗುತ್ತದೆ. ಲೇಬಲ್ ಡಬ್ಬಿಗೂ ಬೇಕು, ಬ್ಯಾಗಿಗೂ ಬೇಕು. ಮೂರಕ್ಕೂ ಆರ್ಡರ್ ಸಂಖ್ಯೆಯನ್ನೇ ಹಿಡಿದರೆ ಒಂದು ಮಾತ್ರ ಸರಿಯಾಗುತ್ತದೆ. ನಮ್ಮಲ್ಲೂ ಶುರುವಿನಲ್ಲಿ ಇದೇ ಲೆಕ್ಕ ಇತ್ತು. ಅದಕ್ಕೇ ನಿಮ್ಮ ಪೋಸ್ಟ್ ನೋಡಿ ಸುಮ್ಮನಿರಲು ಆಗಲಿಲ್ಲ.

ನಿಮ್ಮ ಮೆನುವಿಗೇ ಒಂದು ವಾರದ ಲೆಕ್ಕ ಹಾಕಿ ನೋಡೋಣ. 140 ಆರ್ಡರ್, ಒಂದು ಆರ್ಡರಿಗೆ ಸರಾಸರಿ ಒಂದೂವರೆ ಪ್ಲೇಟ್ ಅಂದರೆ 210 ಪ್ಲೇಟ್. ಇದರಲ್ಲಿ ಕೋರಿ ರೊಟ್ಟಿ 60, ನೀರುದೋಸೆ ಸುಕ್ಕ 70, ಊಟ 80 ಅಂತ ಇಟ್ಟುಕೊಳ್ಳಿ. ಕೋರಿ ರೊಟ್ಟಿಯ ಗಸಿಗೆ 500ರ ಡಬ್ಬಿ ಒಂದು. ಸುಕ್ಕಕ್ಕೆ 250ರದ್ದು ಒಂದು. ಊಟದಲ್ಲಿ ಸಾರಿಗೊಂದು, ಪಲ್ಯಕ್ಕೊಂದು, ಅಂದರೆ 250ರದ್ದೇ ಎರಡು. ಅನ್ನ 750ರಲ್ಲಿ ಹೋಗುತ್ತದೆ ಅಂದುಕೊಂಡಿದ್ದೇನೆ. ಹಾಗಾದರೆ ವಾರಕ್ಕೆ 500ರ ಡಬ್ಬಿ ಬರೀ 60. 250ರದ್ದು 70 ಮತ್ತು 160 ಸೇರಿ 230. ಈ ಲೆಕ್ಕದಲ್ಲಿ 600 ಡಬ್ಬಿ 18 ದಿನ ಬರಬೇಕು. ನಿಮ್ಮದು 17ಕ್ಕೆ ಮುಗಿದಿದೆ. ಅಂದರೆ ಡಬ್ಬಿ ಬಹುಪಾಲು ಆರ್ಡರಿಗೇ ಹೋಗಿದೆ. ಒಂದು ದಿನದಷ್ಟು ಡಬ್ಬಿ ಮಾತ್ರ ಲೆಕ್ಕಕ್ಕೆ ಸಿಗದೆ ಎಲ್ಲೋ ಸೋರಿದೆ. ನಿಮ್ಮ ಪ್ಲೇಟ್ ಸಂಖ್ಯೆ ಬೇರೆ ಇದ್ದೀತು. ಆ್ಯಪಿನಲ್ಲಿ ಐಟಂ ಪ್ರಕಾರ ಮಾರಾಟ ತೋರಿಸುವ ಕಡೆ ಹೋಗಿ ನಿಮ್ಮದನ್ನೇ ಹಾಕಿ. ಫೋನಿನಲ್ಲಿ ಬಂದ ಆರ್ಡರ್ ಸೇರಿಸಲು ಮರೆಯಬೇಡಿ.

ಲೇಬಲ್ ಕೂಡ ಹೀಗೇ. ಈ 290 ಡಬ್ಬಿಗೆ ಒಂದೊಂದು, ಬ್ಯಾಗಿಗೆ 140, ವಾರಕ್ಕೆ 430 ಆಯಿತು. ಅನ್ನದ ಡಬ್ಬಿಗೂ ಹಚ್ಚುವವರಾದರೆ ಇನ್ನೂ 80. ಆಗ ಸಾವಿರದ ರೋಲ್ ಎರಡು ವಾರ ಕಳೆಯುವುದರೊಳಗೆ ಮುಗಿದರೆ ಆಶ್ಚರ್ಯ ಏನೂ ಇಲ್ಲ.

ನಿಮ್ಮ ಪೋಸ್ಟಿಗೆ ಮಣಿಪಾಲದ ಅಕ್ಕ ಒಬ್ಬರು "ಎಲ್ಲದಕ್ಕೂ 20% ಜಾಸ್ತಿ ತರಿಸಿ" ಅಂದಿದ್ದಾರೆ. ಜಾಸ್ತಿ ಇಡಬೇಕು, ಅದು ಸರಿ. ಆದರೆ ಎಲ್ಲದಕ್ಕೂ ಒಂದೇ ಲೆಕ್ಕ ಬೇಡ. 500ರದ್ದು ಈಗಲೇ ರಾಶಿ ಬಿದ್ದಿದೆ, ಅದಕ್ಕೆ ಮತ್ತೆ 20% ಯಾಕೆ? ಇನ್ನೊಂದು, ಹಾಗೆ ಕಣ್ಣುಮುಚ್ಚಿ ಸೇರಿಸಿದರೆ ಸೋರಿಕೆ ಎಲ್ಲಿ ಅಂತ ಗೊತ್ತೇ ಆಗುವುದಿಲ್ಲ. ಬೇಕರಿಯ ಅಣ್ಣ ಒಬ್ಬರು ಅಲ್ಲೇ ಕೇಕ್ ಬಾಕ್ಸ್ ಎಲ್ಲಿ ಅಗ್ಗ ಅಂತ ಬರೆದಿದ್ದಾರೆ. ಅವರಿಗೆ ಒಂದು ಆರ್ಡರಿಗೆ ಒಂದೇ ಬಾಕ್ಸ್, ಆದ್ದರಿಂದ ಆರ್ಡರಿನ ಲೆಕ್ಕವೇ ಅವರಿಗೆ ಸರಿ ಹೋಗುತ್ತದೆ. ಊಟ ಕಳಿಸುವವರಿಗೆ ಅದು ಹೊಂದುವುದಿಲ್ಲ.

ಸೋರಿಕೆ ಕಂಡುಹಿಡಿಯಲು ವಾರಕ್ಕೊಮ್ಮೆ, ಭಾನುವಾರ ರಾತ್ರಿ ಅಡುಗೆಮನೆ ಮುಚ್ಚಿದ ಮೇಲೆ, ಎಣಿಸಿ. ಹಿಂದಿನ ವಾರ ಉಳಿದದ್ದು, ಅದಕ್ಕೆ ಈ ವಾರ ತಂದದ್ದು ಸೇರಿಸಿ, ಈಗ ಇರುವುದನ್ನು ಕಳೆಯಿರಿ. ಅದು ನಿಜವಾಗಿ ಖರ್ಚಾದದ್ದು. ಪ್ಲೇಟಿನ ಲೆಕ್ಕ 230 ಇದ್ದು ಖರ್ಚು 240 ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. 260 ಬಂದರೆ ಹುಡುಕುತ್ತೇನೆ. ಹುಡುಕಿದರೆ ಸಿಗುವುದು ಸಾಮಾನ್ಯವಾಗಿ ಎರಡೇ: ಪರಿಚಯದ ಗಿರಾಕಿಗೆ "ಸ್ವಲ್ಪ ಗಸಿ ಹಾಕಿ" ಅಂತ ಬೇರೆ ಡಬ್ಬಿಯಲ್ಲಿ ಕೊಟ್ಟದ್ದು, ಮತ್ತು ಮನೆಯ ಫ್ರಿಜ್ಜು. ದಯವಿಟ್ಟು ಉಳಿದ ಸಾಂಬಾರಿಗೆ ಹೊಸ ಡಬ್ಬಿ ತೆಗೆಯಬೇಡಿ ಮಾರಾಯ್ರೆ! ಮನೆಗೆ ಸ್ಟೀಲ್ ಡಬ್ಬಿ ಉಂಟಲ್ಲ.

ಮುಚ್ಚಳವನ್ನು ಬೇರೆಯೇ ಎಣಿಸಿ. ಡಬ್ಬಿಗಿಂತ ಮೊದಲು ಒಡೆಯುವುದು, ಕಳೆಯುವುದು ಅದೇ. ಪ್ಯಾಕಿಂಗ್ ಅಂಗಡಿಯವರು ಒಬ್ಬರು ನಿಮ್ಮ ಪೋಸ್ಟಿಗೆ ಹೇಳಿದ ತೂಕದ ಉಪಾಯ ಬಹಳ ಒಳ್ಳೆಯದು. ಹತ್ತು ಮುಚ್ಚಳ ತೂಗಿ ಇಟ್ಟುಕೊಂಡರೆ ಬಿಡಿ ರಾಶಿಯನ್ನು ಅಡುಗೆಯ ತಕ್ಕಡಿಯಲ್ಲೇ ಲೆಕ್ಕ ಹಾಕಬಹುದು. ಬೇರೆ ಬೇರೆ ಬ್ರಾಂಡ್ ಮಾತ್ರ ಕಲಸಬೇಡಿ. ಎರಡರ ಮೇಲೂ 250 ಅಂತ ಬರೆದಿದ್ದರೂ ಒಂದರ ಮುಚ್ಚಳ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಡೆಲಿವರಿಯವರು ಮಂಗಳೂರಿನ ಪಂಪ್‌ವೆಲ್ ದಾಟುವಷ್ಟರಲ್ಲಿ ಸಾರು ಬ್ಯಾಗಿನಲ್ಲಿ ಇರುತ್ತದೆ. ಡಬ್ಬಿಗೆ ಐವತ್ತು ಪೈಸೆ ಕಡಿಮೆ ಅಂತ ಪ್ರತಿ ಸಲ ಬ್ರಾಂಡ್ ಬದಲಿಸುವುದು ನನ್ನ ಪ್ರಕಾರ ಶುದ್ಧ ನಷ್ಟ.

ಈಗ ನನ್ನ ಕೆಂಪು ಚೀಟಿ. ಇಷ್ಟೆಲ್ಲ ಲೆಕ್ಕದಲ್ಲಿ ನಿತ್ಯ ಉಪಯೋಗಕ್ಕೆ ಬರುವುದು ಇದೇ. 250ರದ್ದು ದಿನಕ್ಕೆ 35 ಹೋಗುತ್ತದೆ. ಅಂಗಡಿಯವರು ತಲುಪಿಸಲು ಮೂರು ದಿನ, ತಡವಾದರೆ ಇರಲಿ ಅಂತ ನಾಲ್ಕು ದಿನ, ಒಟ್ಟು ಏಳು ದಿನಕ್ಕೆ 245. ಐವತ್ತರ ಪ್ಯಾಕೆಟ್ ಆದರೆ ಐದು. ಹಾಗಾಗಿ ಕೊನೆಯ ಐದು ಪ್ಯಾಕೆಟ್ ಹಿಂದೆ ಜೋಡಿಸಿ, ಅದರ ಎದುರಿಗೆ ಕೆಂಪು ರಟ್ಟಿನ ಚೀಟಿ ನಿಲ್ಲಿಸಿ, ಉಳಿದವನ್ನು ಅದರ ಮುಂದೆ ಇಡಿ. ಚೀಟಿಯ ಮೇಲೆ ಅಳತೆ, ಬ್ರಾಂಡ್, ಎಷ್ಟು ಪ್ಯಾಕೆಟ್ ತರಿಸಬೇಕು, ಅಂಗಡಿಯ ನಂಬರ್ ಬರೆದಿರಲಿ. ಯಾರ ಕೈಗೆ ಚೀಟಿ ಸಿಕ್ಕಿತೋ ಅವರು ಅಲ್ಲೇ ನಿಂತು ಅಂಗಡಿಗೆ ಮೆಸೇಜ್ ಹಾಕಬೇಕು. ಆಮೇಲೆ ಚೀಟಿಯನ್ನು ಬಾಗಿಲಿಗೆ ಅಂಟಿಸಿ. ಮಾಲು ಬಂದಾಗ ಹಳೆಯದನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದೆ ಇಟ್ಟು, ಚೀಟಿ ಮತ್ತೆ ಅದರ ಜಾಗಕ್ಕೆ. ಎಕ್ಸೆಲ್ ಶೀಟ್ ನನ್ನ ಹತ್ತಿರವೂ ಉಂಟು. ಮಧ್ಯಾಹ್ನ ಹನ್ನೆರಡೂವರೆಗೆ, ಕೈಯೆಲ್ಲ ಮಸಾಲೆ ಇರುವಾಗ, ಅದನ್ನು ತೆರೆಯುವವರು ಯಾರು? ಪಾತ್ರೆ ತೊಳೆಯಲು ಬರುವವರಿಗೂ ಚೀಟಿ ಅರ್ಥವಾಗುತ್ತದೆ.

ಚೀಟಿಯ ಜಾಗ ವರ್ಷವಿಡೀ ಒಂದೇ ಇರಬಾರದು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಮೀನಿನ ಐಟಂ ಇಳಿಯುತ್ತದೆ. ಶ್ರಾವಣದಲ್ಲಿ ಕೋಳಿಯೂ ಇಳಿದು ಊಟ ಏರುತ್ತದೆ. ಆರ್ಡರ್ ಅಷ್ಟೇ ಇದ್ದರೂ 500ರದ್ದು ನಿಂತುಬಿಡುತ್ತದೆ, 250ರದ್ದು ಹಾರುತ್ತದೆ. ದಸರಾ ಸಮಯಕ್ಕೆ ಅಂಗಡಿಯವರೇ ತಡಮಾಡುತ್ತಾರೆ, ಆಗ ನಾಲ್ಕು ದಿನದ ಬದಲು ವಾರ ಇಡಿ.

ಲೇಬಲ್ ಬಗ್ಗೆ ಇನ್ನೊಂದು ಮಾತು. ನಿಮ್ಮದು ಶಾಯಿ ಇಲ್ಲದ ಥರ್ಮಲ್ ಪ್ರಿಂಟರ್ ಆದರೆ, ಕುದಿಯುವ ಸಾರಿನ ಮುಚ್ಚಳಕ್ಕೆ ಹಚ್ಚಿದ ಲೇಬಲ್ ಕಪ್ಪಾಗುತ್ತದೆ. ಬಿಸಿಗೇ ಮೂಡುವ ಅಕ್ಷರ ಅಲ್ವಾ. ಒದ್ದೆ ಮುಚ್ಚಳಕ್ಕೆ ಅಂಟು ಹಿಡಿಯುವುದೂ ಇಲ್ಲ. ಎರಡೂ ಸಲ ಮತ್ತೊಂದು ಪ್ರಿಂಟ್ ತೆಗೆಯುತ್ತೀರಿ, ರೋಲ್ ಮುಗಿಯುವುದು ಹಾಗೆ. ಒರೆಸಿ, ಡಬ್ಬಿಯ ಬದಿಗೆ, ಸಾರು ಮುಟ್ಟದ ಮೇಲ್ಭಾಗದಲ್ಲಿ ಹಚ್ಚಿ. ಮೆನು ಬದಲಾಗುವ ಸಾಧ್ಯತೆ ಇದ್ದರೆ ಐಟಂ ಹೆಸರು ಛಾಪಿಸಿದ ಸ್ಟಿಕ್ಕರ್ ಸಾವಿರಗಟ್ಟಲೆ ಮಾಡಿಸಬೇಡಿ. ಅಡುಗೆಮನೆ ಹೆಸರು, ಎಫ್ಎಸ್ಎಸ್ಎಐ ನಂಬರ್ ಮಾತ್ರ ಛಾಪಿಸಿ, ಐಟಂ ಪೆನ್ನಿನಲ್ಲಿ ಬರೆದರೆ ಸಾಕು.

ಪ್ಲಾಸ್ಟಿಕ್ ಚಮಚ ಯಾರಾದರೂ ಅಗ್ಗಕ್ಕೆ ಕೊಟ್ಟರೆ ತಗೊಳ್ಳಬೇಡಿ. 2022ರ ಜುಲೈ 1ರಿಂದ ಅದಕ್ಕೆ ನಿಷೇಧ ಉಂಟು. ಮನೆಗೇ ಹೋಗುವ ಊಟಕ್ಕೆ ಚಮಚ ಕೇಳಿದವರಿಗೆ ಮಾತ್ರ, ಅದೂ ಮರದ್ದು, ಕೊಡಿ.

ಬ್ಯಾಗಿನಲ್ಲೂ ನಾಲ್ಕು ಪ್ಲೇಟ್ ಮೀರಿದ ಆರ್ಡರನ್ನು ಬೇರೆ ಎಣಿಸಿ, ಅದಕ್ಕೆ ದೊಡ್ಡದು ಬೇಕು. ಮಳೆಗಾಲಕ್ಕೆ ಯಾವ ಬ್ಯಾಗ್ ಅನ್ನುವುದು ಮಾತ್ರ ನನಗೂ ಇನ್ನೂ ಬಗೆಹರಿದಿಲ್ಲ. ಪೇಪರ್ ಬ್ಯಾಗಿನ ತಳ ಒದ್ದೆಯಾಗಿ ಕುಸಿಯುತ್ತದೆ, ಎರಡೆರಡು ಹಾಕಿದರೆ ಲೆಕ್ಕವೇ ದುಪ್ಪಟ್ಟು. ಬಟ್ಟೆಯ ಬ್ಯಾಗ್ ದುಬಾರಿ. ಉಡುಪಿ ಕಡೆಯವರು ಯಾರಾದರೂ ದಾರಿ ಕಂಡುಕೊಂಡಿದ್ದರೆ ಬರೆಯಿರಿ. ಅಕ್ಕ, ನೀವು 250ರ ಡಬ್ಬಿ ಎಷ್ಟು, ಮುಚ್ಚಳ ಎಷ್ಟು ಅಂತ ಈ ಭಾನುವಾರ ಎಣಿಸಿ ಇಲ್ಲೇ ಹಾಕಿ, ಪ್ಲೇಟ್ ಸಂಖ್ಯೆಯೂ ಜೊತೆಗಿರಲಿ.