ಸ್ಟೇಟಸ್‌ಗೆ ಹೋದ ಆರತಿ

*ಸಂಪಾದಕರಿಗೆ ನಮಸ್ಕಾರ. ನನ್ನ ದೊಡ್ಡ ಮಗಳಿಗೆ 12 ವರ್ಷ. ಹೋದ ತಿಂಗಳು ದೊಡ್ಡವಳಾದಳು. ಮನೆಮಟ್ಟಿಗೆ ಆರತಿ ಮಾಡಿದೆವು. ನನ್ನ ನಾದಿನಿ ಪ್ರೀತಿಯಿಂದಲೇ ಫೋಟೋ ತೆಗೆದು, ಹಾಡು ಸೇರಿಸಿ ವಾಟ್ಸಾಪ್ ಸ್ಟೇಟಸ್ ಹಾಕಿದಳು. ಮನೆಯವರ ಗ್ರೂಪಿಗೂ ಕಳಿಸಿದಳು. ಅವಳ ಮಗ ನನ್ನ ಮಗಳ ಸ್ಕೂಲಿನಲ್ಲೇ ಓದುತ್ತಾನೆ. ಮಗಳು ಎರಡು ದಿನ ಸ್ಕೂಲಿಗೆ ಹೋಗಲ್ಲ ಅಂತ ಕೂತಳು. ಅತ್ತೆ ಮಾತ್ರ, "ನಮ್ಮ ಕಾಲದಲ್ಲಿ ಊರಿಗೆಲ್ಲ ಹೇಳಿ ಮಾಡ್ತಿದ್ವಿ, ಇದರಲ್ಲೇನು ತಪ್ಪು?" ಅನ್ನುತ್ತಾರೆ. ಚಿಕ್ಕವಳಿಗೆ ಈಗ 9. ಇಂಥ ಯಾವ ವಿಷಯಗಳನ್ನು ಫೋನಿನಿಂದ ದೂರ ಇಡಬೇಕು? ಹಾಗೆ ಮುಚ್ಚಿಟ್ಟರೆ ಇದು ನಾಚಿಕೆಪಡುವ ವಿಷಯ ಅಂತ ಅವಳಿಗೆ ಅನಿಸಲ್ವಾ?*
*— ಒಬ್ಬ ತಾಯಿ, ಹಾಸನ*

ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರು ಹೇಳುತ್ತಿರುವುದು ನಿಜ. ನಿಮ್ಮ ಕಡೆ ಇದನ್ನು ಒಸಗೆ ಅಂತಲೂ ಕರೆಯುತ್ತಾರೆ. ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕುತ್ತಿದ್ದ. ಅಂಗಳದಲ್ಲಿ ಗುಡ್ಲು ಎದ್ದ ಮೇಲೆ ಊರಿಗೆ ಬೇರೆ ಹೇಳಬೇಕೇ? ಆದರೆ ಯಾಕೆ ಹಾಗೆ ಸಾರುತ್ತಿದ್ದರು ಅನ್ನುವುದನ್ನೂ ಅವರನ್ನೇ ಕೇಳಿ ನೋಡಿ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಎಂದು ನೆಂಟರಿಗೆ ತಿಳಿಯಲಿ ಅಂತ. 1929ರ ಶಾರದಾ ಕಾಯ್ದೆ ಹುಡುಗಿಯರ ಮದುವೆಗೆ ಇಟ್ಟ ವಯಸ್ಸೇ 14. ಈಗ 18 ತುಂಬದೆ ಮಾಡುವ ಹಾಗಿಲ್ಲ. 12 ವರ್ಷದ ಮಗುವಿನ ವಿಷಯದಲ್ಲಿ ಸಾರುವಂಥದ್ದು ಏನೂ ಉಳಿದಿಲ್ಲ. ಉಳಿದಿರುವುದು ಆರತಿ, ಚಿಗಳಿ, ಹೆಂಗಸರ ಜೊತೆ ಕೂತು ಉಣ್ಣುವ ಊಟ. ಅವಕ್ಕೆ ಸ್ಟೇಟಸ್ ಬೇಕಾಗಿಲ್ಲ.

ನನ್ನದೇ ಒಂದು ಕತೆ ಹೇಳಬೇಕು. ನನಗೆ ಆರತಿ ಮಾಡಿದ ದಿನ ಅಪ್ಪ ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದರು. ಮೊಗ್ಗಿನ ಜಡೆ, ಅಮ್ಮನ ಸೀರೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಹದಿನೈದು ದಿನ ಕಳೆದ ಮೇಲೆ ನೋಡಿದರೆ ಆ ಫೋಟೋ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಸ್ಟುಡಿಯೋದ ಗಾಜಿನ ಷೋಕೇಸಿನಲ್ಲಿತ್ತು! ಸ್ಕೂಲಿಗೆ ಹೋಗುವ ದಾರಿ ಅದೇ. ಆ ಕಡೆಯ ಫುಟ್‌ಪಾತ್ ಬಿಟ್ಟು ಈ ಕಡೆಯದರಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದ್ದು ಈಗಲೂ ನೆನಪಿದೆ. ವಿಷಯ ಗೊತ್ತಾದ ಸಂಜೆ ಅಪ್ಪ ಹೋಗಿ ಕೇಳಿದರು. ಮಾಲೀಕ ಬೀಗ ತೆಗೆದು ಫೋಟೋ ಕೊಟ್ಟ, ಜೊತೆಗೆ ನೆಗೆಟಿವ್ ಕೂಡ ಕೊಟ್ಟ. ಅಲ್ಲಿಗೆ ಮುಗಿಯಿತು. ಒಂದು ಫೋಟೋ, ಒಂದು ಅಂಗಡಿ, ಒಂದು ಬೀಗದ ಕೈ.

ನಿಮ್ಮ ನಾದಿನಿಯ ಸ್ಟೇಟಸ್ಸಿಗೆ ಅಂಥ ಬೀಗ ಇಲ್ಲ. ಅದು 24 ಗಂಟೆಗೆ ತಾನಾಗಿಯೇ ಹೋಗುತ್ತದೆ ನಿಜ, ಆದರೆ ಅಷ್ಟರಲ್ಲಿ ಯಾರು ಸ್ಕ್ರೀನ್‌ಶಾಟ್ ತೆಗೆದುಕೊಂಡರು ಅನ್ನುವುದು ಹಾಕಿದವರಿಗೂ ತಿಳಿಯುವುದಿಲ್ಲ. ನಿಮ್ಮ ಮನೆಯಲ್ಲಿ ಜಾಸ್ತಿ ತೊಂದರೆ ಕೊಡುವುದು ಸ್ಟೇಟಸ್ ಅಲ್ಲ, ಗ್ರೂಪು. ಗ್ರೂಪಿಗೆ ಬಂದ ಫೋಟೋ ಎಷ್ಟೋ ಫೋನುಗಳಲ್ಲಿ ತಾನಾಗಿಯೇ ಗ್ಯಾಲರಿಗೆ ಇಳಿಯುತ್ತದೆ. ಗ್ಯಾಲರಿಯಿಂದ ಕೆಲವರ ಗೂಗಲ್ ಫೋಟೋಸಿಗೆ ಹತ್ತುತ್ತದೆ. ಮುಂದಿನ ವರ್ಷ ಅದೇ ದಿನ "ಒಂದು ವರ್ಷದ ಹಿಂದೆ" ಅಂತ ಚಿಕ್ಕಪ್ಪನ ಫೋನಿನಲ್ಲಿ ಮೇಲೆದ್ದು ಬರುತ್ತದೆ, ಅವರು ಖುಷಿಯಿಂದ ಮತ್ತೆ ಗ್ರೂಪಿಗೆ ಹಾಕುತ್ತಾರೆ. ಯಾರೂ ಕೆಟ್ಟವರಲ್ಲ. ಆದರೂ ಮಗು ಮತ್ತೆ ಸ್ಕೂಲಿಗೆ ಹೋಗಲ್ಲ ಅನ್ನುತ್ತದೆ.

ಹಾಗಾಗಿ ಮೊದಲು ಆಗಿರುವುದನ್ನು ಒಂದಿಷ್ಟು ಒರೆಸೋಣ. ಗ್ರೂಪಿಗೆ ಕಳಿಸಿದ್ದನ್ನು `Delete for everyone` ಕೊಟ್ಟು ತೆಗೆಯಲು ಕಳಿಸಿದವರಿಗೆ ಸುಮಾರು ಎರಡು ದಿನ ಮಾತ್ರ ಅವಕಾಶ. ನಿಮಗೆ ಆ ಗಡುವು ದಾಟಿದೆ. ಇನ್ನು ಒಬ್ಬೊಬ್ಬರೂ ತಮ್ಮ ಫೋನಿನಿಂದ ತೆಗೆಯಬೇಕು. ಆದರೆ ದಯವಿಟ್ಟು ಗ್ರೂಪಿನಲ್ಲೇ "ಎಲ್ಲರೂ ಡಿಲೀಟ್ ಮಾಡಿ" ಅಂತ ಬರೆಯಬೇಡಿ. ನೋಡದೇ ಇದ್ದವರೂ ಮೇಲಕ್ಕೆ ಜಾರಿಸಿ ನೋಡುತ್ತಾರೆ. ನಾದಿನಿಯಿಂದಲೇ ನಾಲ್ಕೈದು ಜನರಿಗೆ ಫೋನ್ ಮಾಡಿಸಿ. ಅವಳ ಮಗನ ಫೋನನ್ನು ಅವಳೇ ನೋಡಲಿ. ಗ್ಯಾಲರಿಯಿಂದಲೂ ಗೂಗಲ್ ಫೋಟೋಸಿನಿಂದಲೂ ತೆಗೆದ ಮೇಲೆ ಗೂಗಲ್ ಫೋಟೋಸಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು. ಬ್ಯಾಕಪ್ ಆದ ಫೋಟೋ ಅಲ್ಲಿ 60 ದಿನ ಉಳಿದಿರುತ್ತದೆ. ಇಷ್ಟು ಮಾಡಿದರೂ ಪೂರ್ತಿ ಹೋಯಿತು ಅನ್ನಲು ಬರುವುದಿಲ್ಲ. ಮಗಳಿಗೂ ಅದನ್ನು ನಿಜವಾಗಿ ಹೇಳಿ: "ಅತ್ತೆ ಇಷ್ಟು ಜನರಿಗೆ ಫೋನ್ ಮಾಡಿದ್ದಾಳೆ, ಇಷ್ಟು ಕಡೆ ತೆಗೆಸಿದ್ದೇವೆ." ಅವಳ ಪರವಾಗಿ ದೊಡ್ಡವರೊಬ್ಬರು ಓಡಾಡಿದರು ಅನ್ನುವುದು ಆ ವಯಸ್ಸಿನಲ್ಲಿ ಸಣ್ಣ ವಿಷಯವಲ್ಲ. ನನ್ನ ಅಪ್ಪ ಸ್ಟುಡಿಯೋಗೆ ಹೋದದ್ದನ್ನು ನಾನು ಇನ್ನೂ ಮರೆತಿಲ್ಲ, ನೋಡಿ.

ಕಾನೂನು ಇದೆಯಲ್ಲ ಅಂತ ಕೆಲವರು ಹೇಳಬಹುದು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತಕ್ಕೆ ಅಥವಾ ಮನೆಯ ಬಳಕೆಗೆ ಮಾಡಿಕೊಂಡದ್ದಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ. ನಾದಿನಿಯ ಫೋನಿನ ತನಕ ಅದು ಬರುವುದಿಲ್ಲ. ಇದು ನೀವೇ ಕೂತು ಮಾತಾಡಬೇಕಾದ ವಿಷಯ.

ಯಾವುದನ್ನು ದೂರ ಇಡಬೇಕು ಅಂತ ಕೇಳಿದ್ದೀರಿ. ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಯಾರ ಮೈಯ ಸುದ್ದಿ? ಮುಂದೆ ಏನಾದರೂ ಬದಲಾದರೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದಾ? ಮೊದಲ ಮೂರು ತಿಂಗಳ ಬಸಿರನ್ನು ಹಿರಿಯರು ಯಾಕೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ? ದೃಷ್ಟಿ ಅಂತ ಕಾರಣ ಕೊಟ್ಟರು, ಇರಲಿ. ಗರ್ಭ ನಿಲ್ಲದೆ ಹೋಗುವುದು ಹೆಚ್ಚಾಗಿ ಆ 12 ವಾರಗಳಲ್ಲೇ. ಶುಭಾಶಯ ಹೇಳಿದ ಇನ್ನೂರು ಜನರಿಗೂ ಆಮೇಲೆ ಉತ್ತರ ಕೊಡಬೇಕಾಗುವುದು ನೊಂದ ಹೆಂಗಸೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೋ ಹಾಕುವುದೂ ಬೇಡ, ಅದರ ಕಾರಣ ಬೇರೆ: ಹುಟ್ಟಿದ ದಿನಾಂಕ, ರಿಜಿಸ್ಟರ್ ನಂಬರ್, ತಾಯಿಯ ಹೆಸರು ಎಲ್ಲ ಒಂದೇ ಹಾಳೆಯಲ್ಲಿರುತ್ತವೆ. "ಪಾಸಾದಳು, ಫಸ್ಟ್ ಕ್ಲಾಸ್" ಅಂತ ಬರೆದರೆ ಸಾಕಲ್ವಾ. ಗೃಹಪ್ರವೇಶ, ನಿವೃತ್ತಿ, ಅಜ್ಜನ 80ನೇ ಹುಟ್ಟುಹಬ್ಬ — ಧಾರಾಳವಾಗಿ ಹಾಕಿ, ಅಜ್ಜನನ್ನು ಒಂದು ಮಾತು ಕೇಳಿ.

ಮೊದಲ ಮುಟ್ಟು ಆ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೇ ಸಿಕ್ಕಿಬೀಳುತ್ತದೆ. ಮೈ ಅವಳದು. ಹೇಳುವುದೂ ಬಿಡುವುದೂ ಅವಳದೇ.

ಮುಚ್ಚಿಟ್ಟರೆ ನಾಚಿಕೆ ಅಂತ ಅನಿಸುತ್ತದಾ ಅನ್ನುವ ನಿಮ್ಮ ಅನುಮಾನಕ್ಕೆ ಅರ್ಥವಿದೆ. ಹೌದು, ಯಾರೂ ಏನೂ ಮಾತಾಡದೆ ಪ್ಯಾಡಿನ ಪೊಟ್ಟಣ ಕೈಗಿಟ್ಟು ಕಳಿಸಿದರೆ ಹಾಗೇ ಅನಿಸುತ್ತದೆ. ಮನೆಯೊಳಗೆ ಧಾರಾಳವಾಗಿ ಮಾತಿರಬೇಕು. ಚಿಕ್ಕವಳಿಗೆ 9 ಅಂದಿರಿ. ಅವಳ ಹತ್ತಿರ ಈಗಲೇ ಶುರು ಮಾಡಿ, ಆ ದಿನಕ್ಕೆ ಕಾಯಬೇಡಿ. "ಆರತಿ ಬೇಕಾ?" ಅಂತ ಸುಮ್ನೆ ಕೇಳಿದರೆ ಮಕ್ಕಳು "ಗೊತ್ತಿಲ್ಲ" ಅನ್ನುತ್ತವೆ. ಬಿಡಿಸಿ ಕೇಳಿ. ಅಪ್ಪನಿಗೆ ನೀನು ಹೇಳ್ತೀಯಾ, ನಾನು ಹೇಳಲಾ? ಅಜ್ಜಿಗೆ? ಅಕ್ಕನಿಗೆ? ಯಾರ್ಯಾರನ್ನು ಊಟಕ್ಕೆ ಕರೆಯೋಣ? ಫೋಟೋ ತೆಗೆಯೋಣವಾ? ಆಮೇಲೆ ಮನಸ್ಸು ಬದಲಾದರೆ ಅದೂ ಸರಿ ಅಂತ ಹೇಳಿಡಿ.

ಆರತಿ ಬೇಕು ಅಂದರೆ ಹೀಗೆ ಮಾಡಬಹುದು. ಹೆಸರು, ದಿನಾಂಕ ಇರುವ ಕಾರ್ಡನ್ನು ಫೋನಿನಲ್ಲಿ ಕಳಿಸಬೇಡಿ. ಅವಳು ಆರಿಸಿದ ಆರೇಳು ಹೆಂಗಸರಿಗೆ ನೀವೇ ಫೋನ್ ಮಾಡಿ, "ಭಾನುವಾರ ಊಟಕ್ಕೆ ಬನ್ನಿ" ಅನ್ನಿ. ಬಂದವರ ಫೋನುಗಳನ್ನು ಬಾಗಿಲ ಹತ್ತಿರ ಒಂದು ಮೊರದಲ್ಲಿ ಇಡಿಸಿ. ಮೊದಲು ನಿಮ್ಮದನ್ನೇ ಇಟ್ಟರೆ ಉಳಿದವರು ನಗುತ್ತಾ ಇಡುತ್ತಾರೆ. ಫೋಟೋ ತೆಗೆಯುವುದು ಒಂದೇ ಫೋನ್, ಅದೂ ನಿಮ್ಮದು. ಆ ಫೋಟೋಗಳನ್ನು ಫೋನಿನಿಂದ ತೆಗೆಯುವ ತನಕ ಅದರಲ್ಲಿ ಬ್ಯಾಕಪ್ ನಿಲ್ಲಿಸಿರಿ. ಪ್ರಿಂಟ್ ಹಾಕಿಸಲು ಅಂಗಡಿಯವರ ನಂಬರಿಗೆ ವಾಟ್ಸಾಪ್ ಮಾಡಬೇಡಿ, ಅದು ಅವರ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ಪೆನ್‌ಡ್ರೈವಿನಲ್ಲಿ ಒಯ್ದು, ಎದುರಿಗೇ ಎರಡು ಪ್ರಿಂಟ್ ಹಾಕಿಸಿ ತನ್ನಿ. ಒಂದು ಅವಳಿಗೆ, ಒಂದು ನಿಮ್ಮ ಬೀರುವಿಗೆ. ದೂರದಲ್ಲಿರುವ ಅಕ್ಕನಿಗೋ ತಂಗಿಗೋ ತೋರಿಸಲೇಬೇಕು ಅಂದರೆ ವಿಡಿಯೋ ಕಾಲ್ ಮಾಡಿ ಮಾತಾಡಿಸಿ.

ಅಪ್ಪ ಏನು ಮಾಡಬೇಕು ಅಂತ ಗಂಡಸರು ತಬ್ಬಿಬ್ಬಾಗುತ್ತಾರೆ. ಒಂದು ಪುಟ್ಟ ಚೀಲ ತಂದುಕೊಡಲಿ. ಎರಡು ಪ್ಯಾಡ್, ಒಂದು ಒಳಉಡುಪು, ಸುತ್ತಿ ಬಿಸಾಡಲು ಹಳೇ ಪೇಪರಿನ ನಾಲ್ಕು ತುಂಡು ಹಾಕಿಟ್ಟರೆ ಸ್ಕೂಲ್ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ.

ಇನ್ನೊಂದು: ಆ ದಿನಾಂಕವನ್ನು ಬರೆದಿಡಲು ಅವಳಿಗೊಂದು ಪುಸ್ತಕ ಕೊಡಿ. ದೊಡ್ಡ ಮಗಳಿಗೂ ಕೊಡಿ, ತಡವಾಗಿಲ್ಲ. ಸ್ಟೇಟಸ್ಸಿಗಿಂತ ಇದು ಉಪಯೋಗಕ್ಕೆ ಬರುತ್ತದೆ. ಮೊದಲ ಒಂದೆರಡು ವರ್ಷ ಮುಟ್ಟು 21 ದಿನಕ್ಕೂ ಬರಬಹುದು, 45 ದಿನಕ್ಕೂ ಬರಬಹುದು. ಗಾಬರಿ ಬೇಡ. ಏಳು ದಿನಕ್ಕಿಂತ ಜಾಸ್ತಿ ಹೋಗುತ್ತಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ನೆನೆಯುತ್ತಿದ್ದರೆ, ಒಮ್ಮೆ ಶುರುವಾದ ಮೇಲೆ ಮೂರು ತಿಂಗಳು ಬರದೇ ಇದ್ದರೆ ಡಾಕ್ಟರಿಗೆ ತೋರಿಸಿ. ಅವರು ಮೊದಲು ಕೇಳುವುದೇ "ಯಾವಾಗ ಶುರುವಾಯಿತು, ಕೊನೆಯದು ಯಾವಾಗ?" ಅಂತ. ಪುಸ್ತಕ ತೆಗೆದು ಅವಳೇ ಹೇಳುತ್ತಾಳೆ.

ಇನ್ನು ಅತ್ತೆಯವರು. ಸಂಭ್ರಮದಿಂದ ತಮ್ಮನ್ನು ಹೊರಗಿಟ್ಟರು ಅಂತ ಅವರಿಗೆ ಅನಿಸಬಾರದು. ಚಿಗಳಿ ಅವರ ಕೈಯಲ್ಲೇ ಮಾಡಿಸಿ, ಇಬ್ಬರು ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿ. ನಮ್ಮ ಮನೆಯ ಲೆಕ್ಕ ಒಂದು ಲೋಟ ಕರಿ ಎಳ್ಳಿಗೆ ಮುಕ್ಕಾಲು ಲೋಟ ಪುಡಿಬೆಲ್ಲ, ಒಂದು ಹಿಡಿ ಕೊಬ್ಬರಿ ತುರಿ, ಎರಡು ಏಲಕ್ಕಿ. ನಿಮ್ಮ ಅತ್ತೆಯವರದು ಬೇರೆ ಇದ್ದರೆ ಅವರದೇ ನಡೆಯಲಿ. ಎಳ್ಳನ್ನು ಸಣ್ಣ ಉರಿಯಲ್ಲಿ ಹುರಿಯಬೇಕು, ಕಪ್ಪಗಿರುವುದರಿಂದ ಹತ್ತಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ, ಮೂಗಿಗೇ ಗೊತ್ತಾಗಬೇಕು. ಆರಿದ ಮೇಲೆ ಬೆಲ್ಲ ಸೇರಿಸಿ ಒರಳಿನಲ್ಲಿ ಕುಟ್ಟಿ. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಅಂಗೈಗೆ ಎಣ್ಣೆ ಹತ್ತಿದಾಗ ಉಂಡೆ ಕಟ್ಟಲು ಬರುತ್ತದೆ. ಹುರಿಯುವಾಗ ಮುಚ್ಚಳ ಹತ್ತಿರವೇ ಇರಲಿ, ಎಳ್ಳು ಸಿಡಿಯುತ್ತದೆ, ಚಿಕ್ಕವಳು ಬಗ್ಗಿ ನೋಡುತ್ತಾಳೆ.