ಉದ್ಯೋಗ ಹುಡುಕಾಟದಲ್ಲಿ ಪ್ರೀಮಿಯಂ ಚಂದಾ ಯಾವ ಹಂತಕ್ಕೆ ಬೇಕು: ಒಂದು ಆಪ್ತಸಲಹೆ ಪ್ರಕರಣ

ಸಲಹೆಗೆ ಬಂದವರನ್ನು ಇಲ್ಲಿ ‘ಸ’ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂವತ್ತರ ಆಸುಪಾಸಿನ ಸ ಅವರು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಪೀಣ್ಯದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಎಂಟು ವರ್ಷ ದುಡಿದವರು. ವಿಮಾನದ ಬಿಡಿಭಾಗ ತಯಾರಿಸುವ ಕಂಪನಿಗೆ ಸೇರಬೇಕೆಂದು ಹುಡುಕಾಟ ಆರಂಭಿಸಿದ ದಿನವೇ ಲಿಂಕ್ಡ್‌ಇನ್‌ನ ‘ಪ್ರೀಮಿಯಂ ಕರಿಯರ್’ ಚಂದಾಕ್ಕೆ ಸೇರಿದ್ದರು. ಮೊದಲ ಉಚಿತ ತಿಂಗಳು ಮುಗಿದ ಮೇಲೆ ಪ್ರತಿ ತಿಂಗಳೂ ಖಾತೆಯಿಂದ ಹಣ ಕಡಿತವಾಗುತ್ತಿತ್ತು. ಅವರು ನನ್ನ ಬಳಿ ಬಂದಾಗ ಅದು ನಾಲ್ಕನೆಯ ತಿಂಗಳು. ಹಾಕಿದ್ದ ಅರ್ಜಿ ಅರವತ್ತರ ಹತ್ತಿರ, ಬಂದಿದ್ದ ಕರೆ ಎರಡು, ಸಂದರ್ಶನ ಒಂದೂ ಇಲ್ಲ. “ಮೇಡಂ, ಇದನ್ನೇ ಮುಂದುವರಿಸಲೋ, ಇಲ್ಲ ನೌಕ್ರಿಯಲ್ಲೂ ಒಂದು ಪೇಯ್ಡ್ ಪ್ಲಾನ್ ತಗೊಳ್ಳಲೋ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಚಂದಾ ಬೇಕೇ ಬೇಡವೇ ಎನ್ನುವ ಮೊದಲು ಹುಡುಕಾಟ ಎಲ್ಲಿ ನಿಂತಿದೆ ಎಂಬುದನ್ನು ನೋಡಬೇಕಾಗುತ್ತದೆ. ಅರ್ಜಿಗೆ ಕರೆ ಬರುತ್ತಿಲ್ಲವೇ, ಕರೆ ಬಂದೂ ಸಂದರ್ಶನದವರೆಗೆ ಹೋಗುತ್ತಿಲ್ಲವೇ, ಸಂದರ್ಶನ ಮುಗಿದ ಮೇಲೆ ನಿಲ್ಲುತ್ತಿದೆಯೇ ಎಂಬ ಮೂರರಲ್ಲಿ ಸ ಅವರದು ಮೊದಲನೆಯದು. ಈ ಹಂತದ ತೊಂದರೆ ಬಹುಮಟ್ಟಿಗೆ ರೆಸ್ಯೂಮೆ ಮತ್ತು ಪ್ರೊಫೈಲ್‌ನಲ್ಲಿರುತ್ತದೆ, ಮತ್ತು ಅದನ್ನು ಚಂದಾ ಸರಿಪಡಿಸುವುದಿಲ್ಲ.

ಅವರು ಕಟ್ಟುತ್ತಿದ್ದ ಹಣಕ್ಕೆ ಸಿಗುತ್ತಿದ್ದ ಸೌಲಭ್ಯಗಳಲ್ಲಿ ಒಂದನ್ನು ಅಂದು ಇಬ್ಬರೂ ಕೂತು ತೆರೆದೆವು: ಪ್ರೊಫೈಲ್ ನೋಡಿದವರ ಪೂರ್ಣ ಪಟ್ಟಿ. ಹಳೆಯ ಸಹಪಾಠಿಗಳು, ಅದೇ ಕಾರ್ಖಾನೆಯ ಸಹೋದ್ಯೋಗಿಗಳು, ಒಬ್ಬ ವಿಮಾ ಏಜೆಂಟ್, ನೇಮಕಾತಿಯವರು ಇಬ್ಬರೇ. ಸ ಅವರು ದಿನವೂ ಈ ಪಟ್ಟಿಯನ್ನು ನೋಡಿ, ಯಾರೋ ತಮ್ಮನ್ನು ಗಮನಿಸುತ್ತಿದ್ದಾರೆಂದು ಸಮಾಧಾನ ಪಡುತ್ತಿದ್ದರು. ಆದರೆ ಈ ಪಟ್ಟಿಯನ್ನು ರೋಗ ತಿಳಿಯಲು ಬಳಸಬೇಕು. ನೇಮಕಾತಿಯವರು ಬಂದು ನೋಡಿ ಸುಮ್ಮನೆ ಹೋಗುತ್ತಿದ್ದರೆ ಪ್ರೊಫೈಲ್‌ನ ಒಳಗಿನ ಬರಹ ಸಾಲದು. ಅವರು ಬರುತ್ತಲೇ ಇಲ್ಲವಾದರೆ, ಅವರು ಹುಡುಕುವ ಪದಗಳು ಪ್ರೊಫೈಲ್‌ನಲ್ಲಿಲ್ಲ. ಸ ಅವರ ಹೆಸರಿನ ಕೆಳಗೆ ಇದ್ದದ್ದು ‘ಸೀನಿಯರ್ ಎಕ್ಸಿಕ್ಯುಟಿವ್ – ಕ್ವಾಲಿಟಿ’ ಎಂಬ ಒಂದೇ ಸಾಲು. ಆ ಹುದ್ದೆಯ ಹೆಸರನ್ನು ಬ್ಯಾಂಕಿನವರೂ ಬಳಸುತ್ತಾರೆ, ಕಾಲ್ ಸೆಂಟರಿನವರೂ ಬಳಸುತ್ತಾರೆ.

ಎಂಟು ವರ್ಷ ಏನು ಮಾಡಿದಿರಿ ಎಂದು ಬಿಡಿಸಿ ಕೇಳಿದಾಗ ಬೇರೆಯೇ ಚಿತ್ರ ಸಿಕ್ಕಿತು. ಹೊಸ ಬಿಡಿಭಾಗವೊಂದು ಬಂದಾಗ ಡ್ರಾಯಿಂಗ್‌ನ ಪ್ರತಿಯೊಂದು ಅಳತೆಗೂ ಸುತ್ತು ಹಾಕಿ ಸಂಖ್ಯೆ ಕೊಡುವುದು, ಸಿಎಂಎಂ ಯಂತ್ರದಲ್ಲಿ ಅಳೆಯುವುದು, ಸಂಖ್ಯೆವಾರು ವರದಿ ತಯಾರಿಸಿ ಗ್ರಾಹಕರಿಗೆ ಒಪ್ಪಿಸುವುದು ಅವರ ಕೆಲಸವಾಗಿತ್ತು. ವಾಹನ ಉದ್ಯಮದಲ್ಲಿ ಇದು, ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯಲು ಸಲ್ಲಿಸುವ ಪಿಪಿಎಪಿ ಕಡತದ ಭಾಗ. ವಿಮಾನ ಉದ್ಯಮದಲ್ಲಿ ಎಎಸ್ 9102 ಮಾನದಂಡದ ಪ್ರಕಾರ ನಡೆಯುವ, ಮೊದಲು ತಯಾರಾದ ಬಿಡಿಭಾಗದ ಪರಿಶೀಲನೆಯಾದ ಫಸ್ಟ್ ಆರ್ಟಿಕಲ್ ಇನ್‌ಸ್ಪೆಕ್ಷನ್‌ನಲ್ಲಿಯೂ ಅಳತೆಯ ಕೆಲಸ ಬಹುತೇಕ ಹೀಗೆಯೇ ಸಾಗುತ್ತದೆ. ನಮೂನೆಗಳು ಬೇರೆ, ಕೈಕೆಲಸ ಒಂದೇ. ಈ ಅನುಭವದ ಒಂದು ಪದವೂ ಅವರ ರೆಸ್ಯೂಮೆಯಲ್ಲಿರಲಿಲ್ಲ.

ಹೀಗಾಗಿ ನಾನು ಕೊಟ್ಟ ಮೊದಲ ಸಲಹೆ ಚಂದಾವನ್ನು ಅಂದೇ ರದ್ದು ಮಾಡಿ ಎಂಬುದು. ರದ್ದು ಮಾಡಿದರೂ ಹಣ ಕಟ್ಟಿದ ಅವಧಿ ಮುಗಿಯುವವರೆಗೆ ಸೌಲಭ್ಯಗಳು ಇರುತ್ತವೆ, ಆದ್ದರಿಂದ ಕೊನೆಯ ದಿನದವರೆಗೆ ಕಾಯಬೇಕಾಗಿಲ್ಲ. ಐಫೋನ್ ಆ್ಯಪ್‌ನೊಳಗಿಂದಲೇ ಚಂದಾ ಕಟ್ಟಿದವರು ಮಾತ್ರ ಆ್ಯಪಲ್‌ನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿ ರದ್ದು ಮಾಡಬೇಕು. ಆ್ಯಪ್ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಪುನರಾವರ್ತಿತ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರುತ್ತದೆ. ಸ ಅವರಿಗೂ ಬರುತ್ತಿತ್ತು, ಬ್ಯಾಂಕಿನ ಉಳಿದ ಸಂದೇಶಗಳ ನಡುವೆ ಅವರು ಅದನ್ನು ಓದಿರಲಿಲ್ಲ.

ಎರಡನೆಯ ಸಲಹೆ, ಉಚಿತ ಖಾತೆಯಲ್ಲಿಯೇ ಮಾಡಬೇಕಾದ ಕೆಲಸಗಳದು. ಪ್ರೊಫೈಲ್‌ನ ಮೊದಲ ಸಾಲಿನಲ್ಲಿ ಸಿಎಂಎಂ, ಪಿಪಿಎಪಿ, ಮತ್ತು ಅಳತೆಗಳಿಗೆ ಸುತ್ತು ಹಾಕುವ ಕೆಲಸದ ಹೆಸರಾದ ಡ್ರಾಯಿಂಗ್ ಬಲೂನಿಂಗ್ ಎಂಬ ಪದಗಳು ಬಂದವು. ಕೆಲಸ ಹುಡುಕುತ್ತಿದ್ದೇನೆ ಎಂಬುದು ನೇಮಕಾತಿಯವರಿಗಷ್ಟೇ ಕಾಣುವ ಆಯ್ಕೆಯನ್ನು ಆನ್ ಮಾಡಿಸಿದೆ, ಅದಕ್ಕೆ ಹಣವಿಲ್ಲ. ನೌಕ್ರಿಯಲ್ಲಿ ನೇಮಕಾತಿಯವರು ಕೌಶಲ, ಊರು, ನೋಟಿಸ್ ಅವಧಿಯ ಜೊತೆಗೆ ಅಭ್ಯರ್ಥಿ ಇತ್ತೀಚೆಗೆ ಖಾತೆ ಬಳಸಿದ್ದಾರೆಯೇ ಎಂಬುದನ್ನೂ ಇಟ್ಟುಕೊಂಡು ಸೋಸುತ್ತಾರೆ. ಸ ಅವರ ನೋಟಿಸ್ ಅವಧಿಯ ಕಾಲಂ ಖಾಲಿಯಿತ್ತು. ಅರ್ಜಿಯನ್ನು ಎದ್ದು ಕಾಣಿಸುವ ಪೇಯ್ಡ್ ಸೇವೆಯನ್ನು ಕೊಂಡಿದ್ದರೂ ಎದ್ದು ಕಾಣುತ್ತಿದ್ದುದು ಆ ಖಾಲಿ ಕಾಲಂ ಇರುವ ರೆಸ್ಯೂಮೆಯೇ. ಆದ್ದರಿಂದ ಅದು ಬೇಡವೆಂದೆ.

‘ಈ ಹುದ್ದೆಗೆ ನೀವು ಮುಂಚೂಣಿಯ ಅಭ್ಯರ್ಥಿ’ ಎಂದು ಪ್ರೀಮಿಯಂ ತೋರಿಸುವ ಗುರುತಿನ ಬಗ್ಗೆಯೂ ಅವರು ಕೇಳಿದರು. ಅದು ಪ್ರೊಫೈಲನ್ನೂ ಜಾಹೀರಾತನ್ನೂ ಯಂತ್ರ ಹೋಲಿಸಿ ಹೇಳುವ ಅಂದಾಜು, ಕಂಪನಿಯ ಅಭಿಪ್ರಾಯವಲ್ಲ. ಅರ್ಜಿ ಕಂಪನಿಯ ಸ್ವಂತ ಜಾಲತಾಣದಲ್ಲಿ ತುಂಬಬೇಕಾದಾಗ, ಲಿಂಕ್ಡ್‌ಇನ್‌ನಲ್ಲಿ ಕಾಣುವ ಅರ್ಜಿದಾರರ ಸಂಖ್ಯೆಯು ‘ಅಪ್ಲೈ’ ಬಟನ್ ಒತ್ತಿದವರದೇ ಹೊರತು ಅರ್ಜಿ ತುಂಬಿ ಮುಗಿಸಿದವರದಲ್ಲ. ಇನ್ನೂರು ಎಂಬ ಅಂಕಿ ನೋಡಿ ಅವರು ಕೈಬಿಟ್ಟಿದ್ದ ಹುದ್ದೆಗಳು ಇದ್ದವು, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕೆಲವು ವಾರಗಳ ನಂತರ ಅವರು ಮತ್ತೆ ಬಂದಾಗ ಕರೆಗಳು ಬರತೊಡಗಿದ್ದವು. ದೇವನಹಳ್ಳಿಯ ಕಡೆಯ ಒಂದು ಕಂಪನಿಯಲ್ಲಿ ಮೊದಲ ಸುತ್ತಿನ ಸಂದರ್ಶನ ಮುಗಿದಿತ್ತು. ಬೆಳಗಾವಿ ಬಳಿಯ ಹತ್ತರಗಿಯ ವಿಮಾನ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯದ ಕಂಪನಿಗಳನ್ನೂ ಗುರುತಿಸಿದ್ದರು, ಆದರೆ ಅಲ್ಲಿ ಪರಿಚಯದವರು ಒಬ್ಬರೂ ಇರಲಿಲ್ಲ. ಚಂದಾಕ್ಕೆ ನಿಜವಾದ ಬೆಲೆ ಬರುವ ಹಂತ ಇದು: ಯಾರಿಗೆ ಬರೆಯಬೇಕೆಂಬುದು ಹೆಸರು ಸಮೇತ ಗೊತ್ತಿದೆ, ಏನು ಬರೆಯಬೇಕೆಂಬುದು ಗೊತ್ತಿದೆ, ತಲುಪುವ ದಾರಿ ಮಾತ್ರ ಇಲ್ಲ. ಪ್ರೀಮಿಯಂ ಕರಿಯರ್‌ನಲ್ಲಿ ಪರಿಚಯವಿಲ್ಲದವರಿಗೆ ನೇರ ಬರೆಯಲು ತಿಂಗಳಿಗೆ 5 ಇನ್‌ಮೇಲ್ ಸಿಗುತ್ತವೆ, ಮತ್ತು 90 ದಿನದೊಳಗೆ ಉತ್ತರ ಬಂದ ಇನ್‌ಮೇಲ್ ಲೆಕ್ಕಕ್ಕೆ ವಾಪಸ್ ಜಮೆಯಾಗುತ್ತದೆ. ಉಚಿತ ತಿಂಗಳು ಬೇಕಾದಾಗಲೆಲ್ಲ ಮತ್ತೆ ಸಿಗುವುದಿಲ್ಲವಾದ್ದರಿಂದ, ಅದನ್ನು ಇಲ್ಲಿಯವರೆಗೆ ಉಳಿಸಿಕೊಂಡವರಿಗೆ ಈ ಹಂತ ಖರ್ಚಿಲ್ಲದೆ ಸಾಗುತ್ತದೆ. ಸ ಅವರು ಅದನ್ನು ಆರಂಭದಲ್ಲೇ ಬಳಸಿದ್ದರಿಂದ ಒಂದು ತಿಂಗಳ ಹಣ ಕಟ್ಟಬೇಕಾಯಿತು. ವಾರ್ಷಿಕ ಚಂದಾದಲ್ಲಿ ತಿಂಗಳ ಲೆಕ್ಕ ಅಗ್ಗವಾಗಿ ಕಂಡರೂ ಅದು ಬೇಡವೆಂದೆ, ಏಕೆಂದರೆ ಈ ಅಗತ್ಯ ಒಂದೆರಡು ತಿಂಗಳಲ್ಲಿ ತೀರುವಂಥದು.

ಚಂದಾ ಕಟ್ಟುವ ಮೊದಲೇ ಐದು ಹೆಸರುಗಳನ್ನು ಬರೆದುಕೊಂಡು ಬರುವಂತೆ ಹೇಳಿದೆ. ಮಾನವ ಸಂಪನ್ಮೂಲ ವಿಭಾಗದವರಿಗೆ ಇಂಥ ಸಂದೇಶ ರಾಶಿ ಬರುವುದರಿಂದ, ಗುಣಮಟ್ಟ ವಿಭಾಗದ ಮುಖ್ಯಸ್ಥರನ್ನೇ ಆರಿಸಿದೆವು. ಕೆಲಸ ಕೊಡಿ ಎಂದು ಬರೆಯದೆ, ಪಿಪಿಎಪಿ ಅನುಭವವುಳ್ಳವರು ನಿಮ್ಮಲ್ಲಿ ಸೇರಬೇಕಾದರೆ ಏನನ್ನು ಹೊಸದಾಗಿ ಕಲಿತಿರಬೇಕು ಎಂಬ ಒಂದೇ ಪ್ರಶ್ನೆಯನ್ನು ಐದಾರು ಸಾಲಿನಲ್ಲಿ ಕೇಳಿದರು. ಇಬ್ಬರು ಉತ್ತರಿಸಿದರು. ಒಬ್ಬರು ಎಎಸ್ 9102ರ ಮೂರು ನಮೂನೆಗಳನ್ನು ತುಂಬಿ ಅಭ್ಯಾಸ ಮಾಡಿ ಎಂದು ತಿಳಿಸಿದರು. ಅಲ್ಲಿ ಹುದ್ದೆ ಖಾಲಿ ಇರಲಿಲ್ಲ, ಆದರೆ ಆ ಅಭ್ಯಾಸ ದೇವನಹಳ್ಳಿಯ ಎರಡನೆಯ ಸುತ್ತಿನಲ್ಲಿ ನೇರವಾಗಿ ಉಪಯೋಗಕ್ಕೆ ಬಂತು.

ಆಫರ್ ಬಂದದ್ದು ದೇವನಹಳ್ಳಿಯಿಂದಲೇ, ಅಂದರೆ ನೌಕ್ರಿಯ ಉಚಿತ ಪ್ರೊಫೈಲ್ ನೋಡಿ ಕರೆದವರಿಂದ. ಸಂಬಳದ ಮಾತುಕತೆಗೆಂದು ಚಂದಾವನ್ನು ಇನ್ನೊಂದು ತಿಂಗಳು ಇಟ್ಟುಕೊಳ್ಳಲೇ ಎಂದು ಅವರು ಕೇಳಿದಾಗ, ಅದೇ ವಲಯದಲ್ಲಿ ಕೆಲಸ ಮಾಡುವ ಇಬ್ಬರು ಹಳೆಯ ಸಹೋದ್ಯೋಗಿಗಳನ್ನು ವಿಚಾರಿಸಿ, ಸಂಬಳದ ವಿವರ ಸಿಗುವ ಆಂಬಿಷನ್‌ಬಾಕ್ಸ್ ಜಾಲತಾಣದ ಉಚಿತ ಮಾಹಿತಿಯೊಂದಿಗೆ ತಾಳೆ ನೋಡಿ ಎಂದೆ. ಚಂದಾದ ಜೊತೆ ಬರುವ ಕಲಿಕಾ ವಿಡಿಯೊಗಳಿಗಾಗಿ ಮುಂದುವರಿಸುವ ಯೋಚನೆಯೂ ಅವರಿಗಿತ್ತು. ಎರಡು ತಿಂಗಳ ನೋಟಿಸ್ ಅವಧಿಯಲ್ಲಿ ಯಾವ ಕೋರ್ಸನ್ನು ಮುಗಿಸುತ್ತೀರೆಂದು ಹೆಸರಿಸಿ ಹೇಳಿದರೆ ಇಟ್ಟುಕೊಳ್ಳಬಹುದು ಎಂದೆ. ಅವರು ಡ್ರಾಯಿಂಗ್‌ನಲ್ಲಿ ಆಕಾರ ಮತ್ತು ಅಳತೆಯ ಮಿತಿಗಳನ್ನು ಸೂಚಿಸುವ ಜಿಡಿ ಅಂಡ್ ಟಿ ಕುರಿತ ಒಂದನ್ನು ಆರಿಸಿ, ಚಾಲ್ತಿಯಲ್ಲಿದ್ದ ತಿಂಗಳೊಳಗೇ ಅದನ್ನು ಮುಗಿಸುವ ಲೆಕ್ಕ ಹಾಕಿ, ಮುಂದಿನ ಕಡಿತಕ್ಕೆ ಮೊದಲು ಚಂದಾ ರದ್ದುಪಡಿಸಿದರು.